ಅಂಕಿ ಏರಿದ್ದು ಬಾಟ್‌ನಿಂದಲೋ ಜಡ್ಜ್‌ನಿಂದಲೋ? ಆಂಕರ್ ಕೇಸುಗಳಿಂದ ಪತ್ತೆ ಮಾಡುವ ಬಗೆ

ಜನವರಿಯಲ್ಲಿ ನಮ್ಮ ಬಾಟ್‌ನ ಉತ್ತರಗಳಲ್ಲಿ ಶೇಕಡ 81 ಪಾಸ್ ಆಗುತ್ತಿದ್ದವು. ಮೇ ತಿಂಗಳ ಹೊತ್ತಿಗೆ ಅದು 88ಕ್ಕೆ ಬಂತು. ಮೀಟಿಂಗ್‌ನಲ್ಲಿ ಎಲ್ಲರಿಗೂ ಖುಷಿ. ಆದರೆ ಬಾಟ್ ನೋಡಿಕೊಳ್ಳುತ್ತಿದ್ದ ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ಆಮೇಲೆ ಹೊರಗೆ ಬಂದು ಕೇಳಿದಳು: "ಸರ್, ಫೆಬ್ರವರಿಯಿಂದ ನಾನು ಬಾಟ್‌ಗೆ ಕೈಯೇ ಹಚ್ಚಿಲ್ಲ. ಏಳು ಪರ್ಸೆಂಟ್ ಎಲ್ಲಿಂದ ಬಂತು?"

ಬಾಟ್ ಕೆಲಸ ಇಷ್ಟೆ. ಸರ್ಕಾರಿ ಯೋಜನೆಗಳ ಬಗ್ಗೆ ಜನ ಕನ್ನಡದಲ್ಲಿ ಕೇಳುತ್ತಾರೆ, ಅದು ದಾಖಲೆ ನೋಡಿ ಕನ್ನಡದಲ್ಲೇ ಹೇಳುತ್ತದೆ. ದಿನಕ್ಕೆ ಸಾವಿರಗಟ್ಟಲೆ ಉತ್ತರ. ಎಲ್ಲವನ್ನೂ ಮನುಷ್ಯರು ಓದಿ ನೋಡಲು ಆಗುವುದಿಲ್ಲ. ಹಾಗಾಗಿ ಇನ್ನೊಂದು ಭಾಷಾ ಮಾಡೆಲನ್ನು ಜಡ್ಜ್ ಆಗಿ ಕೂರಿಸಿದ್ದೆವು. ಅದರ ಕೈಗೆ ಪ್ರಶ್ನೆ, ಮೂಲ ದಾಖಲೆಯ ತುಣುಕು, ಬಾಟ್‌ನ ಉತ್ತರ ಮೂರೂ ಹೋಗುತ್ತವೆ. ಉತ್ತರ ದಾಖಲೆಗೆ ನಿಷ್ಠವಾಗಿದ್ದರೆ ಪಾಸ್, ಇಲ್ಲದಿದ್ದರೆ ಫೇಲ್.

ಬಾಟ್ ಬದಲಾಗಿಲ್ಲ, ಅಂಕಿ ಬದಲಾಗಿದೆ. ಹಾಗಾದರೆ ತಕ್ಕಡಿಯ ಮೇಲೆ ಅನುಮಾನ ಬರಬೇಕು ಅಲ್ವಾ? ಅಂಗಡಿಯವನ ತಕ್ಕಡಿ ಸರಿ ಇದೆಯೋ ಇಲ್ಲವೋ ಅಂತ ಅಕ್ಕಿ ತೂಗಿ ಗೊತ್ತಾಗುವುದಿಲ್ಲ. ತೂಕ ಮೊದಲೇ ಗೊತ್ತಿರುವ ಬಟ್ಟು ಇಟ್ಟು ನೋಡಬೇಕು. ಆಂಕರ್ ಕೇಸುಗಳು ಅಂದರೆ ಆ ಬಟ್ಟುಗಳು: ಒಮ್ಮೆ ಆರಿಸಿ, ಬೀಗ ಹಾಕಿ ಇಟ್ಟು, ಪ್ರತಿ ತಿಂಗಳು ಅದೇ ಜಡ್ಜ್ ಮುಂದೆ ಮತ್ತೆ ಮತ್ತೆ ಇಡುವ ಕೇಸುಗಳು. ಜಡ್ಜ್ ಗೊತ್ತಾಗದ ಹಾಗೆ ಜಾರುವುದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಅದನ್ನು ನಾವು ಹೇಗೆ ಹಿಡಿದೆವು ಅನ್ನುವುದನ್ನು ನೀವೂ ಮಾಡಿ ನೋಡುವ ಹಾಗೆ ಇಲ್ಲಿ ಹೇಳುತ್ತೇನೆ.

ಮೊದಲು ಕೇಸುಗಳನ್ನು ಆರಿಸಿ

ನಾವು 120 ಕೇಸು ತೆಗೆದುಕೊಂಡೆವು. 40 ಕಣ್ಣು ಮುಚ್ಚಿ ಪಾಸ್ ಅನ್ನಬಹುದಾದವು. 40 ಯಾರು ನೋಡಿದರೂ ಫೇಲ್ ಅನ್ನುವಂಥವು. ಉಳಿದ 40 ಅಂಚಿನ ಕೇಸುಗಳು. ಇವುಗಳನ್ನು ಓದಿದರೆ ಇಬ್ಬರು ಅನುಭವಸ್ಥರು ಸ್ವಲ್ಪ ಹೊತ್ತು ವಾದ ಮಾಡಿ ಆಮೇಲೆ ಒಪ್ಪುತ್ತಾರೆ.

ಕೆಲಸ ಮಾಡುವುದು ಮುಖ್ಯವಾಗಿ ಈ ಅಂಚಿನ ಕೇಸುಗಳೇ. ಜಡ್ಜ್ ಸ್ವಲ್ಪ ಸಡಿಲವಾದರೆ ಅದು ಮೊದಲು ಕಾಣುವುದು ಇಲ್ಲಿ. ಎದ್ದು ಕಾಣುವ ತಪ್ಪನ್ನು ಸಡಿಲ ಜಡ್ಜ್ ಕೂಡ ಫೇಲ್ ಮಾಡುತ್ತದೆ. ಹಾಗಂತ 120ಕ್ಕೆ 120 ಅಂಚಿನವನ್ನೇ ಹಾಕಿದರೆ, ಏನಾದರೂ ದೊಡ್ಡದಾಗಿ ಕೆಟ್ಟಾಗ ಅದು ದೊಡ್ಡದು ಅಂತಲೇ ತಿಳಿಯುವುದಿಲ್ಲ. ಸುಲಭದ ಕೇಸಿನ ತೀರ್ಪು ಮಗುಚಿತು ಅಂದರೆ ಎಲ್ಲೋ ಗಂಭೀರವಾಗಿ ಕೆಟ್ಟಿದೆ ಅಂತ ಅರ್ಥ. ಹಾಗಾಗಿ ಮೂರೂ ಬೇಕು.

ಪಾಸ್ ಮತ್ತು ಫೇಲ್ ಎರಡೂ ಬಗೆ ಯಾಕೆ ಇರಲೇಬೇಕು ಅನ್ನುವುದಕ್ಕೆ 2023ರ ಒಂದು ಪ್ರಸಂಗ ಇದೆ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಸಂಶೋಧಕರು ಒಂದು ಹೆಸರಾಂತ ಮಾಡೆಲ್‌ಗೆ ಮಾರ್ಚ್‌ನಲ್ಲೂ ಜೂನ್‌ನಲ್ಲೂ ಒಂದೇ ಪ್ರಶ್ನೆ ಕೇಳಿದರು: ಈ ಸಂಖ್ಯೆ ಅವಿಭಾಜ್ಯವೇ? ಮೊದಲ ವರದಿಯಲ್ಲಿ ಸರಿ ಉತ್ತರ ಶೇಕಡ 97.6ರಿಂದ 2.4ಕ್ಕೆ ಕುಸಿದಿತ್ತು. ದೊಡ್ಡ ಗದ್ದಲವಾಯಿತು. ಆಮೇಲೆ ಬೇರೆಯವರು ನೋಡಿದರೆ, ಕೇಳಿದ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ! ಮಾಡೆಲ್ ಮಾರ್ಚ್‌ನಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ "ಹೌದು" ಅನ್ನುತ್ತಿತ್ತು, ಜೂನ್‌ನಲ್ಲಿ "ಅಲ್ಲ" ಅನ್ನುತ್ತಿತ್ತು. ಲೆಕ್ಕ ಮಾಡುವ ಶಕ್ತಿ ಎರಡೂ ಸಲ ಇರಲಿಲ್ಲ. ಬದಲಾದದ್ದು ಒಲವು ಮಾತ್ರ. ಒಂದೇ ಬಗೆಯ ಆಂಕರ್ ಇಟ್ಟುಕೊಂಡರೆ ಒಲವು ಬದಲಾದದ್ದನ್ನೂ ಬುದ್ಧಿ ಬದಲಾದದ್ದನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ.

ಆಂಕರ್ ಕೇಸಿನ ಒಳಗೇ ಅದಕ್ಕೆ ಬೇಕಾದ ದಾಖಲೆಯೂ ಇರಬೇಕು. ನಮ್ಮ ಒಂದು ಕೇಸು ಗೃಹಜ್ಯೋತಿ ಯೋಜನೆಯದು. 2023ರಲ್ಲಿ ಶುರುವಾದಾಗಿನ ನಿಯಮದ ಪ್ರಕಾರ, ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಇನ್ನೂ ಶೇಕಡ 10 ಸೇರಿಸಿ, ಅಷ್ಟು ಯೂನಿಟ್ ಉಚಿತ. ಮೇಲ್ಮಿತಿ 200 ಯೂನಿಟ್. 2024ರಲ್ಲಿ ಕಡಿಮೆ ಬಳಸುವ ಮನೆಗಳಿಗೆ ಶೇಕಡ 10ರ ಬದಲು 10 ಯೂನಿಟ್ ಅಂತ ಬದಲಾಯಿತು. ಜಡ್ಜ್ ಪ್ರತಿ ಸಲ ಹೊಸ ದಾಖಲೆ ತೆಗೆದು ನೋಡುವ ಹಾಗಿದ್ದರೆ ನಿನ್ನೆ ಪಾಸ್ ಆದ ಉತ್ತರ ಇವತ್ತು ಫೇಲ್ ಆಗುತ್ತದೆ, ಮತ್ತು ಅದು ನ್ಯಾಯವೇ. ಆದರೆ ನಮಗೆ ಬೇಕಿರುವುದು ಜಡ್ಜ್‌ನ ಬದಲಾವಣೆ, ನಿಯಮದ್ದಲ್ಲ. ಅದಕ್ಕೆ ಹಳೆಯ ನಿಯಮದ ತುಣುಕನ್ನೇ ಕೇಸಿನೊಳಗೆ ಅಂಟಿಸಿ ಇಡಿ. ಅದು ಇಂದಿನ ಮಟ್ಟಿಗೆ ಹಳತಾಗಿದ್ದರೂ ಪರವಾಗಿಲ್ಲ. ಜಡ್ಜ್‌ಗೆ ನಾವು ಕೇಳುತ್ತಿರುವುದು "ಈ ಉತ್ತರ ಈ ತುಣುಕಿಗೆ ಹೊಂದುತ್ತದೆಯಾ" ಅಂತ ಮಾತ್ರ.

ಪ್ರತಿ ಕೇಸಿಗೂ ಮನುಷ್ಯರ ತೀರ್ಪು ಬರೆದಿಡಿ. ನಮ್ಮಲ್ಲಿ ಇಬ್ಬರು ಬೇರೆ ಬೇರೆಯಾಗಿ ಓದಿ ಗುರುತು ಹಾಕಿದರು, ಹೊಂದದ ಕಡೆ ಮೂರನೆಯವರು ಕೂತು ತೀರ್ಮಾನಿಸಿದರು. ಯಾಕೆ ಪಾಸ್, ಯಾಕೆ ಫೇಲ್ ಅಂತ ಒಂದೊಂದು ಸಾಲು ಕಾರಣವನ್ನೂ ಬರೆಸಿದೆ. ಆಗ ಎಲ್ಲರೂ ಗೊಣಗಿದರು. ಮೇ ತಿಂಗಳಲ್ಲಿ ನಮ್ಮನ್ನು ಉಳಿಸಿದ್ದು ಆ ಸಾಲುಗಳೇ.

ಬೀಗ ಹಾಕಿ

ಕೇಸುಗಳನ್ನು ಒಂದು ಫೈಲಿನಲ್ಲಿ ಇಟ್ಟು ಅದರ ಚೆಕ್‌ಸಮ್, ಅಂದರೆ ಒಳಗೆ ಒಂದಕ್ಷರ ಬದಲಾದರೂ ಬೇರೆಯಾಗುವ ಗುರುತು, ತೆಗೆದಿಡಿ. ಪ್ರತಿ ಓಟದ ಮುಂಚೆ ಅದು ಹೊಂದುತ್ತದೆಯಾ ನೋಡಿ.

```
sha256sum anchors.jsonl
```

ಕನ್ನಡದವರಿಗೆ ಇದು ಬರೀ ಶಾಸ್ತ್ರಕ್ಕಲ್ಲ. ಕನ್ನಡದಲ್ಲಿ ಕಣ್ಣಿಗೆ ಒಂದೇ ಥರ ಕಾಣುವ ಅಕ್ಷರ ಒಳಗೆ ಬೇರೆ ಬೇರೆ ಥರ ಇರಬಹುದು. "ೊ" ಅನ್ನುವ ಒತ್ವವನ್ನೇ ನೋಡಿ. ಅದನ್ನು U+0CCA ಅಂತ ಒಂದೇ ಸಂಕೇತವಾಗಿಯೂ ಬರೆಯಬಹುದು, U+0CC6 ಮತ್ತು U+0CC2 ಅಂತ ಎರಡಾಗಿಯೂ ಬರೆಯಬಹುದು. "ಬಾಟ್‌ನ" ಅನ್ನುವಾಗ ಮಧ್ಯೆ ಕಾಣದೆ ಕೂತಿರುವ ಜೋಡಣೆ ತಡೆಯುವ ಚಿಹ್ನೆ ಇದೆಯಲ್ಲ, ಅದೂ ಹಾಗೆ. ಯಾರೋ ಫೈಲನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಒಂದು ಕಾಗುಣಿತ ಸರಿ ಮಾಡಿ ಸೇವ್ ಮಾಡಿದರೆ, ಇಂಥವೆಲ್ಲ ಸದ್ದಿಲ್ಲದೆ ಬದಲಾಗಬಹುದು. ಮಾಡೆಲ್ ಪದವನ್ನು ತುಂಡು ಮಾಡಿ ಓದುವ ರೀತಿಯೇ ಆಗ ಬೇರೆಯಾಗುತ್ತದೆ. ಆಮೇಲೆ ಬಟ್ಟೇ ಸವೆದಿದೆ ಅಂತ ಗೊತ್ತಿಲ್ಲದೆ ತಕ್ಕಡಿಯನ್ನು ಬೈಯುತ್ತಾ ಕೂರುತ್ತೀರಿ.

ಬೀಗದ ಇನ್ನೊಂದು ಅರ್ಥವೂ ಇದೆ. ಜಡ್ಜ್‌ಗೆ ಕೊಡುವ ಸೂಚನೆ ತಿದ್ದುವವರ ಕೈಗೆ ಈ 120 ಕೇಸು ಸಿಗಬಾರದು. ಸಿಕ್ಕರೆ ಅವರು ಈ ಕೇಸುಗಳ ಮೇಲೆ ಚೆನ್ನಾಗಿ ಕಾಣುವ ಹಾಗೆ ಸೂಚನೆ ತಿದ್ದುತ್ತಾರೆ, ಬೇಕಂತಲೇ ಅಲ್ಲದಿದ್ದರೂ. ಅವರಿಗೆ ಪ್ರಯೋಗಕ್ಕೆ ಬೇರೆ ಕೇಸು ಕೊಡಿ.

ಜಡ್ಜ್ ತನ್ನಷ್ಟಕ್ಕೆ ಎಷ್ಟು ಅಲುಗುತ್ತದೆ, ಅಳೆಯಿರಿ

ಹೆಚ್ಚಿನವರು ಹಾರಿಸಿಬಿಡುವ ಹೆಜ್ಜೆ ಇದು. ಮಾಡೆಲ್‌ನ ಉತ್ತರ ಎಷ್ಟು ಏರುಪೇರಾಗಬಹುದು ಅಂತ ಹೇಳುವ ಟೆಂಪರೇಚರನ್ನು ಸೊನ್ನೆಗೆ ಇಟ್ಟರೆ ಪ್ರತಿ ಸಲ ಅದೇ ಉತ್ತರ ಬರುತ್ತದೆ ಅಂತ ನಂಬಿರುತ್ತಾರೆ. ಬರುವುದಿಲ್ಲ. ಸರ್ವರ್‌ನಲ್ಲಿ ನಿಮ್ಮ ವಿನಂತಿ ಯಾವ ಬೇರೆ ವಿನಂತಿಗಳ ಜೊತೆ ಗುಂಪಾಗುತ್ತದೆ ಅನ್ನುವುದರ ಮೇಲೆ ದಶಮಾಂಶಗಳನ್ನು ಕೂಡುವ ಕ್ರಮ ಬದಲಾಗುತ್ತದೆ. ಕೊನೆಯ ಅಂಕೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಅಂಚಿನ ಕೇಸಿಗೆ ಅಷ್ಟು ಸಾಕು, ತೀರ್ಪು ಮಗುಚುತ್ತದೆ.

ಹಾಗಾಗಿ ಮೊದಲ ವಾರದಲ್ಲೇ, ಏನೂ ಬದಲಾಯಿಸದೆ, ನಾಲ್ಕು ಬೇರೆ ಬೇರೆ ದಿನ 120 ಕೇಸನ್ನೂ ಓಡಿಸಿದೆವು. ಪ್ರತಿ ಓಟದಲ್ಲಿ ಒಂದೊಂದು ಕೇಸನ್ನು ಐದು ಸಲ ಕೇಳಿ, ಜಾಸ್ತಿ ಬಂದ ತೀರ್ಪನ್ನು ಆ ಕೇಸಿನ ತೀರ್ಪು ಅಂತ ಇಟ್ಟುಕೊಂಡೆವು. ಒಂದು ಓಟಕ್ಕೆ 600 ವಿನಂತಿ. ದಿನದ ಕೆಲಸದ ಮುಂದೆ ಇದು ಏನೂ ಅಲ್ಲ.

ಯಾವ ಎರಡು ಓಟಗಳನ್ನು ಹೋಲಿಸಿದರೂ ಒಂದರಿಂದ ನಾಲ್ಕು ಕೇಸು ಮಗುಚಿದ್ದವು. ಇದು ಜಡ್ಜ್‌ನ ಸಹಜ ಅಲುಗಾಟ. ಇದು ಗೊತ್ತಿಲ್ಲದಿದ್ದರೆ ಮುಂದಿನ ತಿಂಗಳು ಮೂರು ಕೇಸು ಮಗುಚಿದಾಗ ಹೆದರಬೇಕೋ ಬೇಡವೋ ಅಂತ ಹೇಳಲು ಆಗುವುದಿಲ್ಲ. ನಾಲ್ಕು ಓಟಗಳ ಒಟ್ಟು 20 ಮತಗಳಿಂದ ಪ್ರತಿ ಕೇಸಿನ ಆರಂಭದ ತೀರ್ಪನ್ನು ನಿಗದಿ ಮಾಡಿದೆವು. ಸರಿಸಮ ಬಂದ ಒಂದೆರಡು ಕೇಸಿನಲ್ಲಿ ಮೊದಲ ದಿನದ್ದನ್ನು ಹಿಡಿದೆವು. ಲೆಕ್ಕ ಹೀಗಿತ್ತು: ಸುಲಭ ಪಾಸ್‌ಗಳಲ್ಲಿ 39, ಅಂಚಿನವುಗಳಲ್ಲಿ 17, ಸುಲಭ ಫೇಲ್‌ಗಳಲ್ಲಿ 2, ಒಟ್ಟು 58 ಪಾಸ್.

ಆ ಸುಲಭ ಫೇಲ್‌ಗಳಲ್ಲಿ ಎರಡನ್ನು ಜಡ್ಜ್ ಪಾಸ್ ಮಾಡಿದ್ದು ನೋಡಿ ಒಬ್ಬರು ಅವನ್ನು ತೆಗೆದುಹಾಕೋಣ ಅಂದರು. ಬೇಡ. ಇಲ್ಲಿ ನಾವು ಜಡ್ಜ್ ಸರಿಯೋ ತಪ್ಪೋ ಅಂತ ನೋಡುತ್ತಿಲ್ಲ, ಮೊದಲಿನ ಹಾಗೇ ಇದೆಯೋ ಅಂತ ನೋಡುತ್ತಿದ್ದೇವೆ. ತಪ್ಪು ತೀರ್ಪು ಕೂಡ ಸ್ಥಿರವಾಗಿದ್ದರೆ ಒಳ್ಳೆಯ ಆಂಕರ್.

ಪ್ರತಿ ತಿಂಗಳ ಓಟ

ತಿಂಗಳ ಮೊದಲ ಸೋಮವಾರ ಅಂತ ಇಟ್ಟುಕೊಂಡೆವು. ಆಂಕರ್‌ಗಳು ನಿಜವಾದ ಕೇಸುಗಳು ಹೋಗುವ ದಾರಿಯಲ್ಲೇ ಹೋಗಬೇಕು. ಅದೇ ಸರತಿ, ಅದೇ ಸೂಚನೆ, ಅದೇ ಕೋಡ್. ಆಂಕರ್‌ಗೆ ಅಂತಲೇ ಬೇರೆ ಸ್ಕ್ರಿಪ್ಟ್ ಬರೆದರೆ, ನಿಜವಾದ ದಾರಿಯಲ್ಲಿ ಏನಾದರೂ ಕೆಟ್ಟಾಗ ಈ ಸ್ಕ್ರಿಪ್ಟ್ ಮಾತ್ರ ಆರಾಮಾಗಿ ಹಸಿರು ತೋರಿಸುತ್ತಾ ಇರುತ್ತದೆ.

ಪ್ರತಿ ಉತ್ತರಕ್ಕೂ ಒಂದು ಸಾಲು ಉಳಿಸಿ:

```json
{"id": "A-047", "run": "2025-05-05", "rep": 3,
 "model_asked": "judge-latest",
 "model_returned": "judge-2025-04-22",
 "prompt_sha": "9c1e07", "verdict": "pass", "raw": "..."}
```

ಕೇಳಿದ ಮಾಡೆಲ್ ಹೆಸರು ಒಂದು, ಉತ್ತರ ಕೊಟ್ಟ ಮಾಡೆಲ್ ಹೆಸರು ಇನ್ನೊಂದು. ಮೇಲಿನ ಹೆಸರುಗಳು ಉದಾಹರಣೆಗೆ ಅಷ್ಟೆ, ಆದರೆ ವ್ಯವಹಾರ ನಿಜ. ಮಾಡೆಲ್ ಮಾರುವವರು ತಾರೀಕು ಇರುವ ಹೆಸರನ್ನೂ ಕೊಡುತ್ತಾರೆ, ತಾರೀಕು ಇಲ್ಲದ ಹೆಸರನ್ನೂ ಕೊಡುತ್ತಾರೆ. ತಾರೀಕು ಇಲ್ಲದ್ದು ಕೈಕಂಬದ ಬೋರ್ಡ್ ಇದ್ದ ಹಾಗೆ, ಅದು ತೋರಿಸುವ ಊರನ್ನು ಅವರು ಯಾವಾಗ ಬೇಕಾದರೂ ಬದಲಾಯಿಸಬಹುದು. ಜಡ್ಜ್ ಕೆಲಸಕ್ಕೆ ಯಾವತ್ತೂ ತಾರೀಕು ಇರುವ ಹೆಸರನ್ನೇ ಬಳಸಿ. ನಾವು ಬಳಸಿರಲಿಲ್ಲ.

ಇನ್ನೊಂದು ಮಾತು, ತೀರ್ಪನ್ನು ಮೂರು ಬಗೆಯಾಗಿ ಎಣಿಸಿ: ಪಾಸ್, ಫೇಲ್, ಓದಲು ಆಗಲಿಲ್ಲ. ಜಡ್ಜ್ ಒಂದು ದಿನ ಇದ್ದಕ್ಕಿದ್ದಂತೆ ಉದ್ದುದ್ದ ಕಾರಣ ಬರೆಯಲು ಶುರು ಮಾಡುತ್ತದೆ. ಉತ್ತರದ ಉದ್ದಕ್ಕೆ ನೀವು ಹಾಕಿದ ಮಿತಿ ಮುಗಿದು, ತೀರ್ಪು ಬರುವ ಮುಂಚೆಯೇ ಮಾತು ತುಂಡಾಗುತ್ತದೆ. ನಿಮ್ಮ ಕೋಡ್ "ಪಾಸ್" ಅನ್ನುವ ಪದ ಕಾಣಲಿಲ್ಲ ಅಂತ ಫೇಲ್ ಹಾಕುತ್ತದೆ. ಆಗ ಜಡ್ಜ್ ಕಟ್ಟುನಿಟ್ಟಾಯಿತು ಅಂತ ಅನ್ನಿಸುತ್ತದೆ. ಅದು ಬಾಯಿಬಡುಕ ಆಗಿದೆ, ಅಷ್ಟೆ.

ಮಗುಚಿದ್ದನ್ನು ಎಣಿಸುವುದು

ಒಟ್ಟು ಪಾಸ್ ಸಂಖ್ಯೆ ನೋಡಿದರೆ ಸಾಲದು. ಹತ್ತು ಕೇಸು ಆ ಕಡೆ, ಹತ್ತು ಕೇಸು ಈ ಕಡೆ ಮಗುಚಿದರೆ ಒಟ್ಟು ಹಾಗೇ ಇರುತ್ತದೆ, ಆದರೆ ಜಡ್ಜ್ ಪೂರಾ ಬೇರೆಯೇ ಆಗಿರುತ್ತದೆ. ಪ್ರತಿ ಕೇಸನ್ನೂ ಅದರ ಆರಂಭದ ತೀರ್ಪಿಗೆ ಹೋಲಿಸಿ ಎರಡು ಸಂಖ್ಯೆ ತೆಗೆಯಿರಿ. ಫೇಲ್ ಇದ್ದದ್ದು ಪಾಸ್ ಆದವು ಎಷ್ಟು, ಪಾಸ್ ಇದ್ದದ್ದು ಫೇಲ್ ಆದವು ಎಷ್ಟು. ಬದಲಾಗದವನ್ನು ಮರೆತುಬಿಡಿ.

ನಮ್ಮ ಲೆಕ್ಕ ಹೀಗೆ ಬಂತು. ಫೆಬ್ರವರಿಯಲ್ಲಿ 2 ಮತ್ತು 1. ಮಾರ್ಚ್‌ನಲ್ಲಿ 1 ಮತ್ತು 1. ಏಪ್ರಿಲ್‌ನಲ್ಲಿ 2 ಮತ್ತು 2. ಮೇ ತಿಂಗಳಲ್ಲಿ 11 ಮತ್ತು 2.

ಬರೀ ಅಲುಗಾಟವಾಗಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಇರಬೇಕು, ನಾಣ್ಯ ಚಿಮ್ಮಿದ ಹಾಗೆ. 13 ಸಲ ಚಿಮ್ಮಿ 11 ಸಲ ಒಂದೇ ಕಡೆ ಬಿದ್ದರೆ? 1947ರಲ್ಲಿ ಮೆಕ್‌ನೆಮರ್ ಅನ್ನುವವರು ಕೊಟ್ಟ ಪರೀಕ್ಷೆಯ ತಿರುಳು ಇದೇ. ಲೆಕ್ಕ ಹಾಕಲು ಯಾವ ದೊಡ್ಡ ಲೈಬ್ರರಿಯೂ ಬೇಡ:

```python
from math import comb

def flip_p(b, c):
    n = b + c
    if n == 0:
        return 1.0
    k = min(b, c)
    tail = sum(comb(n, i) for i in range(k + 1))
    return min(1.0, 2 * tail / 2**n)

print(round(flip_p(11, 2), 4))   # 0.0225
```

ಅಂದರೆ ಏನೂ ಆಗದೆ, ಬರೀ ಆಕಸ್ಮಿಕವಾಗಿ, ಇಷ್ಟು ಒಂದೇ ಕಡೆಗೆ ವಾಲುವುದು ನೂರಕ್ಕೆ ಎರಡು ಸಲ ಮಾತ್ರ. ಶೇಕಡ 5ರ ಗೆರೆ ಇಟ್ಟುಕೊಂಡರೆ ಬಾಯಿಪಾಠ ಮಾಡಲು ಸುಲಭ: 6ಕ್ಕೆ 0, 8ಕ್ಕೆ 1, 10ಕ್ಕೆ 2, 12ಕ್ಕೆ 3. ಇದನ್ನು ಮುಟ್ಟಿದರೆ ಗಂಟೆ ಬಾರಿಸಿ. 5ಕ್ಕೆ 0 ಇನ್ನೂ ಸಾಲದು.

ಆದರೆ ಗಂಟೆ ಬಾರಿಸಿದ ಕೂಡಲೇ ಎಲ್ಲರಿಗೂ ಮೇಲ್ ಕಳಿಸಬೇಡಿ. ವರ್ಷಕ್ಕೆ 12 ಸಲ ಈ ಪರೀಕ್ಷೆ ಮಾಡುತ್ತೀರಿ. ಪ್ರತಿ ಸಲ ಶೇಕಡ 5 ಸುಳ್ಳು ಗಂಟೆ ಅಂದುಕೊಂಡರೂ, ವರ್ಷದಲ್ಲಿ ಒಂದಾದರೂ ಸುಳ್ಳು ಗಂಟೆ ಬಾರಿಸುವ ಸಾಧ್ಯತೆ ಅರ್ಧದ ಹತ್ತಿರ ಬರುತ್ತದೆ. ನಮ್ಮ ಪದ್ಧತಿ ಸರಳ. ಮಾರನೇ ದಿನ ಇನ್ನೊಮ್ಮೆ ಓಡಿಸುವುದು. ಮಂಗಳವಾರವೂ 10ಕ್ಕೆ 2 ಬಂತು, ಹೆಚ್ಚಿನವು ಅವೇ ಕೇಸುಗಳು. ಆಗ ನಂಬಿದೆವು.

ಇದರ ಜೊತೆ ಮತಗಳ ಮೇಲೂ ಕಣ್ಣಿಡಿ. ಅಂಚಿನ 40 ಕೇಸಿಗೆ ಐದೈದು ಮತದಂತೆ 200 ಮತ. ಜನವರಿಯ ಒಂದು ಓಟದಲ್ಲಿ 88 ಪಾಸ್ ಮತ ಇದ್ದವು. ಮುಂದಿನ ಮೂರು ತಿಂಗಳು 91, 86, 93. ಮೇ ತಿಂಗಳಲ್ಲಿ 131. ಕೇಸು ಮಗುಚುವ ಮುಂಚೆಯೇ ಮತ ಐದಕ್ಕೆ ಸೊನ್ನೆಯಿಂದ ಮೂರಕ್ಕೆ ಎರಡಾಗಿ ಸಡಿಲಗೊಳ್ಳುತ್ತದೆ. ನಿಧಾನದ ಡ್ರಿಫ್ಟ್ ಮೊದಲು ಕಾಣುವುದು ಇಲ್ಲೇ. ನಮ್ಮದು ನಿಧಾನದ್ದಲ್ಲ, ಒಂದೇ ಸಲ ಮೆಟ್ಟಿಲು ಹತ್ತಿದ ಹಾಗೆ ಇತ್ತು. ಮೆಟ್ಟಿಲು ಕಂಡರೆ ಯಾವುದೋ ಒಂದು ವಸ್ತು ಒಂದೇ ದಿನ ಬದಲಾಗಿದೆ ಅಂತ ಅರ್ಥ.

ಯಾವುದು ಬದಲಾಯಿತು?

ಸೂಚನೆಯ ಗುರುತಾದ prompt_sha ಜನವರಿಯದ್ದೇ ಇತ್ತು. ಆಂಕರ್ ಫೈಲಿನ ಚೆಕ್‌ಸಮ್ ಹೊಂದಿತು. ಓದಲಾಗದ ಉತ್ತರಗಳು ಹೆಚ್ಚಿರಲಿಲ್ಲ. ಉಳಿದದ್ದು ಮಾಡೆಲ್. ಉಳಿಸಿಟ್ಟ ಸಾಲುಗಳನ್ನು ನೋಡಿದರೆ, ಕೇಳಿದ ಹೆಸರು ಐದು ತಿಂಗಳೂ ಒಂದೇ, ಉತ್ತರ ಕೊಟ್ಟ ಹೆಸರು ಮಾತ್ರ ಮೇ ತಿಂಗಳಲ್ಲಿ ಬೇರೆ.

ಇಷ್ಟಕ್ಕೇ ತೀರ್ಮಾನ ಮಾಡಬಾರದು. ಬದಲಾದ ವಸ್ತು ಸಿಕ್ಕಿತು ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತಲ್ಲ. ಹಳೆಯ ಮಾಡೆಲನ್ನು ಅದರ ತಾರೀಕಿನ ಹೆಸರಿನಿಂದ ಕರೆದು, ಉಳಿದದ್ದನ್ನೆಲ್ಲ ಮೇ ತಿಂಗಳದ್ದೇ ಇಟ್ಟು ಓಡಿಸಿದೆವು. 1 ಮತ್ತು 2 ಬಂತು. ಅಂದರೆ ಮಾಡೆಲೇ.

ಆಮೇಲೆ ಮಗುಚಿದ 13 ಕೇಸನ್ನೂ ಕೂತು ಓದಿದೆವು. ಹನ್ನೆರಡು ಅಂಚಿನವು, ಒಂದು ಸುಲಭ ಫೇಲ್. ಫೇಲ್‌ನಿಂದ ಪಾಸ್ ಆದ 11ರಲ್ಲಿ 9ಕ್ಕೆ ನಮ್ಮ ಮನುಷ್ಯರು ಫೇಲ್ ಅಂತಲೇ ಬರೆದಿದ್ದರು. ಅವರ ಕಾರಣದ ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟಾಗ ವಿಷಯ ಎದ್ದು ಬಂತು. 9ರಲ್ಲಿ 8 ಒಂದೇ ಜಾತಿಯವು: ಹೇಳಿದ್ದು ಸುಳ್ಳಲ್ಲ, ಆದರೆ ಷರತ್ತು ಬಿಟ್ಟುಹೋಗಿದೆ.

ಗೃಹಜ್ಯೋತಿ ಕೇಸು ಅದಕ್ಕೆ ಸರಿಯಾದ ಉದಾಹರಣೆ. ಬಾಟ್ ಬರೆದಿತ್ತು: "ಈ ಯೋಜನೆಯಲ್ಲಿ ಮನೆಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ." ದಾಖಲೆಯಲ್ಲಿ 200 ಅನ್ನುವುದು ಇದೆ. ಆದರೆ ತಿಂಗಳಿಗೆ 70 ಯೂನಿಟ್ ಸರಾಸರಿ ಇದ್ದ ಮನೆಗೆ ಉಚಿತ ಸಿಗುವುದು 77. ಆ ಮನೆಯವರು ಈ ಉತ್ತರ ನಂಬಿ 150 ಯೂನಿಟ್ ಉರಿಸಿದರೆ ಉಳಿದದ್ದಕ್ಕೆ ಬಿಲ್ ಬರುತ್ತದೆ. ಹಳೆಯ ಜಡ್ಜ್ ಇದನ್ನು ಐದಕ್ಕೆ ಐದೂ ಸಲ ಫೇಲ್ ಮಾಡುತ್ತಿತ್ತು. ಹೊಸದು "ಉತ್ತರ ದಾಖಲೆಗೆ ವಿರುದ್ಧವಾಗಿಲ್ಲ" ಅಂತ ಐದಕ್ಕೆ ನಾಲ್ಕು ಸಲ ಪಾಸ್ ಮಾಡಿತು. ನಮ್ಮ ಸೂಚನೆಯಲ್ಲಿ "ನಿಷ್ಠವಾಗಿರಬೇಕು" ಅಂತಷ್ಟೇ ಇತ್ತು. ಷರತ್ತು ಬಿಡುವುದು ನಿಷ್ಠೆಗೆ ಕುಂದು ಅಂತ ಹಳೆಯದು ತಾನೇ ಅರ್ಥ ಮಾಡಿಕೊಂಡಿತ್ತು, ಹೊಸದು ಮಾಡಿಕೊಳ್ಳಲಿಲ್ಲ. ತಪ್ಪು ಅರ್ಧ ನಮ್ಮದೇ.

ಒಂದು ಎಚ್ಚರಿಕೆ. ಜಡ್ಜ್ ಬದಲಾಯಿತು ಅಂದರೆ ಕೆಟ್ಟಿತು ಅಂತಲ್ಲ. ಮನುಷ್ಯರ ತೀರ್ಪಿನ ಜೊತೆ ಹೋಲಿಸಿಯೇ ಹೇಳಬೇಕು. ಇಲ್ಲಿ 11ರಲ್ಲಿ 2 ಕೇಸಿನಲ್ಲಿ ಹೊಸ ಜಡ್ಜ್‌ನದ್ದೇ ಸರಿ ಇತ್ತು. ಇನ್ನೊಂದು ಸಲ ಲೆಕ್ಕ ತಿರುವುಮುರುವಾಗಿ ಇರಬಹುದು. ಆಗಲೂ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಒಂದೇ ಗ್ರಾಫಿನಲ್ಲಿ ಗೆರೆ ಎಳೆದು ಜೋಡಿಸುವಂತಿಲ್ಲ.

ಆ ಏಳು ಪರ್ಸೆಂಟಿಗೆ ಉತ್ತರ

ಇಲ್ಲಿ ಒಂದು ತಪ್ಪು ದಾರಿ ಬಹಳ ಆಕರ್ಷಕವಾಗಿ ಕಾಣುತ್ತದೆ. ಆಂಕರ್‌ಗಳಲ್ಲಿ ಪಾಸ್ 58ರಿಂದ 67ಕ್ಕೆ ಏರಿತು, ಅಂದರೆ 120ಕ್ಕೆ 9, ಶೇಕಡ 7.5. ಗ್ರಾಫಿನಲ್ಲಿ ಏರಿದ್ದು 7. ಕಳೆದುಬಿಟ್ಟರೆ ಮುಗಿಯಿತು! ನಮ್ಮಲ್ಲೂ ಒಬ್ಬರು ಬೋರ್ಡ್ ಮೇಲೆ ಬರೆದೇಬಿಟ್ಟರು. ಸಂಖ್ಯೆ ಹತ್ತಿರ ಬಂದದ್ದು ಕಾಕತಾಳೀಯ. ಆಂಕರ್‌ಗಳಲ್ಲಿ ಮೂರನೇ ಒಂದು ಭಾಗ ಅಂಚಿನ ಕೇಸುಗಳು, ಅದೂ ನಾವೇ ಹುಡುಕಿ ತುಂಬಿದ್ದು. ದಿನನಿತ್ಯದ ಪ್ರಶ್ನೆಗಳಲ್ಲಿ ಅವು ಎಷ್ಟು ಪಾಲು ಅಂತ ಆಂಕರ್‌ಗಳಿಗೆ ಏನು ಗೊತ್ತು? ಜಡ್ಜ್ ಬದಲಾಗಿದೆ ಅಂತ ಆಂಕರ್ ಹೇಳುತ್ತದೆ. ಎಷ್ಟು ಪರ್ಸೆಂಟ್ ಅಂತ ಹೇಳುವುದಿಲ್ಲ.

ಅದಕ್ಕೆ ಸೇತುವೆ ಕಟ್ಟಬೇಕು. ಜನವರಿಯ ನಿಜವಾದ ಉತ್ತರಗಳಿಂದ 300, ಮೇ ತಿಂಗಳಿನಿಂದ 300, ಯಾವ ಆಯ್ಕೆಯೂ ಇಲ್ಲದೆ ಎತ್ತಿಕೊಳ್ಳಿ. ಎರಡನ್ನೂ ಎರಡೂ ಜಡ್ಜ್‌ಗಳಿಗೆ ಕೊಡಿ. ನಮಗೆ ಸಿಕ್ಕ ಅಂಕಿಗಳು: ಹಳೆಯ ಜಡ್ಜ್ ಪ್ರಕಾರ ಜನವರಿ 81, ಮೇ 82. ಹೊಸ ಜಡ್ಜ್ ಪ್ರಕಾರ ಜನವರಿ 87, ಮೇ 88.

ಯಾವ ಜಡ್ಜ್ ನೋಡಿದರೂ ಬಾಟ್ ಇದ್ದಲ್ಲೇ ಇದೆ. 300 ಕೇಸಿನಲ್ಲಿ ಒಂದು ಪರ್ಸೆಂಟಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಏರಿದ್ದು ಜಡ್ಜ್‌ನ ಸಡಿಲತನ. ಹುಡುಗಿಯ ಅನುಮಾನ ಸರಿ ಇತ್ತು.

ಹಳೆಯ ಮಾಡೆಲ್ ಈಗ ಸಿಗುವುದೇ ಇಲ್ಲ ಅಂದರೆ? ಆಗಾಗ ಹೀಗಾಗುತ್ತದೆ, ಮಾರುವವರು ಹಳೆಯವನ್ನು ನಿಲ್ಲಿಸಿಬಿಡುತ್ತಾರೆ. ಆಗ ಅರ್ಧ ಸೇತುವೆಯಾದರೂ ಕಟ್ಟಬಹುದು. ಜನವರಿಯ ಉತ್ತರಗಳನ್ನೂ ಅವಕ್ಕೆ ಹಳೆಯ ಜಡ್ಜ್ ಅಂದು ಕೊಟ್ಟ ತೀರ್ಪನ್ನೂ ಉಳಿಸಿದ್ದರೆ, ಅವೇ 300ನ್ನು ಹೊಸ ಜಡ್ಜ್‌ಗೆ ಕೊಟ್ಟು 81 ಎಷ್ಟಾಯಿತು ಅಂತ ನೋಡಿ. ಉಳಿಸಿಲ್ಲದಿದ್ದರೆ ಜನವರಿಯ ಅಂಕಿಯನ್ನು ಮರೆಯುವುದೊಂದೇ ದಾರಿ.

ನಾವು ಸೂಚನೆಗೆ ಒಂದು ಸಾಲು ಸೇರಿಸಿದೆವು: ಯಾರಿಗೆ, ಎಷ್ಟಕ್ಕೆ, ಯಾವಾಗ ಅನ್ನುವ ಷರತ್ತು ದಾಖಲೆಯಲ್ಲಿದ್ದು ಉತ್ತರದಲ್ಲಿ ಬಿಟ್ಟುಹೋಗಿದ್ದರೆ ಫೇಲ್. ಹೊಸ ಮಾಡೆಲನ್ನು ತಾರೀಕಿನ ಹೆಸರಿನಿಂದ ಗಟ್ಟಿ ಮಾಡಿದೆವು. ಸೂಚನೆ ಬದಲಾಯಿತು ಅಂದರೆ ಜಡ್ಜ್ ಹೊಸದು. ಹಾಗಾಗಿ ನಾಲ್ಕು ದಿನದ ಆರಂಭದ ಓಟವನ್ನು ಮತ್ತೆ ಮಾಡಿ, ಗ್ರಾಫಿನಲ್ಲಿ ಆ ತಾರೀಕಿಗೆ ಒಂದು ಉದ್ದ ಗೆರೆ ಎಳೆದೆವು. ಮೀಟಿಂಗ್‌ನಲ್ಲಿ ಆ ಗೆರೆ ಯಾರಿಗೂ ಇಷ್ಟವಾಗಲಿಲ್ಲ.

ಮೆಲ್ಲಗೆ ಜಾರುವುದು ಇನ್ನೂ ಕಷ್ಟ

ಮೆಟ್ಟಿಲನ್ನು ಹಿಡಿಯುವುದು ಸುಲಭ. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂಚನೆಯಲ್ಲಿ ಸಣ್ಣ ಸಣ್ಣ ತಿದ್ದುಪಡಿ ನಡೆಯುತ್ತಲೇ ಇದ್ದವು. ಒಂದು ಉದಾಹರಣೆ ಸೇರಿಸಿದರು, ಒಂದು ವಾಕ್ಯ ಮೆತ್ತಗೆ ಮಾಡಿದರು. "ಇಷ್ಟಕ್ಕೆಲ್ಲ ಹೊಸ ಆರಂಭದ ಓಟ ಬೇಡ" ಅಂತ ನಾವೇ ಬಿಟ್ಟೆವು. ಪ್ರತಿ ತಿಂಗಳು ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಮೂರು ಕೇಸು, ಎರಡು ಕೇಸು. ಎಲ್ಲ ಸಹಜ ಅಲುಗಾಟದ ಒಳಗೇ. ಸೆಪ್ಟೆಂಬರ್‌ನದ್ದನ್ನು ಜೂನ್‌ನ ಆರಂಭದ ತೀರ್ಪಿಗೆ ಹೋಲಿಸಿದಾಗ 2ಕ್ಕೆ 10. ಈ ಸಲ ಕಟ್ಟುನಿಟ್ಟಿನ ಕಡೆಗೆ.

ಅದಕ್ಕೆ ಹೋಲಿಕೆ ಯಾವತ್ತೂ ಆರಂಭಕ್ಕೇ ಆಗಬೇಕು, ಹಿಂದಿನ ತಿಂಗಳಿಗಲ್ಲ. ಮಗು ಬೆಳೆದದ್ದು ದಿನಾ ನೋಡುವ ತಾಯಿಗೆ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಬರುವ ಮಾವನಿಗೆ ಕಾಣುತ್ತದೆ. ಅಂಚಿನ ಕೇಸುಗಳ ಪಾಸ್ ಮತವನ್ನು ತಿಂಗಳಿಂದ ತಿಂಗಳಿಗೆ ಒಂದು ಕಾಗದದ ಮೇಲೆ ಚುಕ್ಕಿ ಇಟ್ಟುಕೊಂಡು ಹೋದರೂ ಸಾಕು. ನಾಲ್ಕು ಚುಕ್ಕಿ ಒಂದೇ ಕಡೆ ಇಳಿಯುತ್ತಿದ್ದರೆ, ಪರೀಕ್ಷೆ ಏನೇ ಹೇಳಲಿ, ಹೋಗಿ ಕೇಸು ಓದಿ.

ಆಂಕರ್‌ಗೆ ಕಾಣದ್ದು

ನಮ್ಮ ಆಂಕರ್‌ಗಳಲ್ಲಿ ಕರಾವಳಿಯ ಮಾತಿನ ಪ್ರಶ್ನೆ ಒಂದೂ ಇರಲಿಲ್ಲ, ಉತ್ತರ ಕರ್ನಾಟಕದ್ದು ಬರೀ ಮೂರು. ಆ ಕಡೆಯ ಉತ್ತರಗಳ ಮೇಲೆ ಜಡ್ಜ್ ಜಾರಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆಂಕರ್ ತಾನು ಹೊತ್ತ ಬಗೆಯ ಕೇಸುಗಳ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತದೆ. ಹೊಸ ಬಗೆಯ ಪ್ರಶ್ನೆ ಬರಲು ಶುರುವಾದರೆ ಹೊಸ ಆಂಕರ್ ಸೇರಿಸಬೇಕು. ಹಳೆಯವನ್ನು ಒಟ್ಟಿಗೆ ಕಿತ್ತು ಹಾಕಬೇಡಿ. ವರ್ಷಕ್ಕೆ 20 ಹೊಸವನ್ನು ಸೇರಿಸಿ, ಮೂರು ತಿಂಗಳು ಹಳೆಯವುಗಳ ಜೊತೆ ಓಡಿಸಿ, ಆಮೇಲೆ ಹಳೆಯ 20ನ್ನು ಇಳಿಸಿ. ಲೆಕ್ಕದ ಎಳೆ ಕಡಿಯುವುದಿಲ್ಲ.

ಜಡ್ಜ್ ಜಾಗದಲ್ಲಿ ಮನುಷ್ಯರು ಕೂತಿದ್ದರೆ ಕೆಲಸ ಇನ್ನಷ್ಟು ಸೂಕ್ಷ್ಮ. ಮಾಡೆಲ್‌ಗೆ ಹೋದ ತಿಂಗಳ ಕೇಸು ನೆನಪಿರುವುದಿಲ್ಲ, ಮನುಷ್ಯರಿಗೆ ಇರುತ್ತದೆ. 120ನ್ನೂ ಒಂದೇ ದಿನ ಮುಂದಿಟ್ಟರೆ "ಇದು ಪರೀಕ್ಷೆ" ಅಂತ ತಿಳಿದು ಹುಷಾರಾಗಿ ಕೂರುತ್ತಾರೆ. ದಿನದ ಕೆಲಸದ ನಡುವೆ ಮೂರು ನಾಲ್ಕರಂತೆ, ಗುರುತು ಸಿಗದ ಹಾಗೆ ಸೇರಿಸಬೇಕು. ಒಂದೇ ಕೇಸು ಅದೇ ವ್ಯಕ್ತಿಗೆ ಮೂರು ತಿಂಗಳಿಗಿಂತ ಮುಂಚೆ ಹೋಗಬಾರದು.

ಮನುಷ್ಯರ ವಿಷಯ ಬಂದಾಗ ಇನ್ನೊಂದು ನೆನಪಾಗುತ್ತದೆ. ಆರು ತಿಂಗಳಾದ ಮೇಲೆ ನಮ್ಮ ಅಂಚಿನ 40 ಕೇಸನ್ನು ಅದೇ ಇಬ್ಬರಿಗೆ, ಹಳೆಯ ಗುರುತು ತೋರಿಸದೆ, ಮತ್ತೆ ಕೊಟ್ಟೆ. ಐದು ಕೇಸಿನಲ್ಲಿ ಅವರ ತೀರ್ಪೇ ಬದಲಾಗಿತ್ತು. ಷರತ್ತು ಬಿಟ್ಟ ಉತ್ತರಗಳನ್ನು ತಿಂಗಳುಗಟ್ಟಲೆ ನೋಡಿ ನೋಡಿ ಇಬ್ಬರೂ ಮೊದಲಿಗಿಂತ ಬಿಗಿಯಾಗಿದ್ದರು. ಆ ಐದನ್ನು ಈಗ ಬೇರೆ ಫೈಲಿನಲ್ಲಿ ಇಟ್ಟಿದ್ದೇವೆ. ಜಡ್ಜ್ ಮೊದಲಿನ ಹಾಗೇ ಇದೆಯಾ ಅಂತ ನೋಡಲು ಅವು ಇನ್ನೂ ಬರುತ್ತವೆ. ಜಡ್ಜ್ ಸರಿಯಾ ಅಂತ ಕೇಳುವಾಗ ಮಾತ್ರ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.